ಒಂದು ವಾಕ್ಯ, ನಲವತ್ತು ಸೆಕೆಂಡು: ಪುಸ್ತಕದ ಬರಹವನ್ನು ದನಿಗೆ ಒಗ್ಗಿಸುವುದು

(ರಾಯಚೂರಿನಲ್ಲಿ, ಊರು–ಚರಿತ್ರೆಗಳ ಬಗ್ಗೆ ಕಿರು ವಿಡಿಯೊ ಮಾಡುವ ಶಿಕ್ಷಕರು ಮತ್ತು ಕಾಲೇಜು ಹುಡುಗ–ಹುಡುಗಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಊರಿನ ಕೋಟೆ, ಕೆರೆ, ಶಾಸನಗಳ ಮೇಲೆ ಮಾಡಿದ ಎಷ್ಟೋ ವಿಡಿಯೊಗಳಲ್ಲಿ ಚಿತ್ರ ಚೆನ್ನಾಗಿರುತ್ತದೆ, ದನಿಯೂ ಚೆನ್ನಾಗಿರುತ್ತದೆ. ಕೇಳಿದವರಿಗೆ ಮಾತ್ರ ಏನೂ ತಲೆಗೆ ಹತ್ತಿರುವುದಿಲ್ಲ. ಪುಸ್ತಕದಲ್ಲಿದ್ದ ಪ್ಯಾರಾವನ್ನು ಇದ್ದ ಹಾಗೇ ಮೈಕಿನ ಮುಂದೆ ಓದಿದ್ದರಿಂದ ಹೀಗಾಗುತ್ತದೆ. ಓದುವ ಕಣ್ಣಿಗೆ ಹಿಂದಿನ ಸಾಲಿಗೆ ಹೋಗಿ ಬರುವ ಅವಕಾಶ ಇದೆ, ಕೇಳುವ ಕಿವಿಗೆ ಇಲ್ಲ. ಇದು ನಿಮಗೆಲ್ಲ ಗೊತ್ತಿರುವ ಮಾತೇ. ಆದರೆ ಕನ್ನಡದ ವಾಕ್ಯದಲ್ಲಿ ಕಿವಿ ಎಡವುವ ಜಾಗ ಯಾವುದು, ಅದನ್ನು ಬಿಚ್ಚುವುದು ಹೇಗೆ, ಬಿಚ್ಚುವಾಗ ಸತ್ಯ ಎಲ್ಲಿ ಸೋರಿಹೋಗುತ್ತದೆ ಅನ್ನುವುದನ್ನು ಕೈಯಲ್ಲಿ ಪೆನ್ನು ಹಿಡಿದೇ ನೋಡಬೇಕು. ಅದಕ್ಕೆ ಇವತ್ತು ಒಂದೇ ಒಂದು ವಾಕ್ಯ ತೆಗೆದುಕೊಳ್ಳೋಣ. ನಮ್ಮ ಜಿಲ್ಲೆಯದೇ ವಿಷಯ, ಮಸ್ಕಿಯ ಅಶೋಕ ಶಾಸನ. ವಾಕ್ಯವನ್ನು ಮಾದರಿಗೆಂದು ಕಟ್ಟಿದ್ದೇನೆ. ಇಂಥವು ಪ್ರವಾಸಿ ಕೈಪಿಡಿಗಳಲ್ಲಿ, ಪಠ್ಯಗಳಲ್ಲಿ ಬೇಕಾದಷ್ಟು ಸಿಗುತ್ತವೆ.

> ರಾಯಚೂರು ಜಿಲ್ಲೆಯ ಮಸ್ಕಿ ಪಟ್ಟಣದ ಸಮೀಪದ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಂದ ಪತ್ತೆಹಚ್ಚಲ್ಪಟ್ಟ, ಬ್ರಾಹ್ಮೀ ಲಿಪಿ ಹಾಗೂ ಪ್ರಾಕೃತ ಭಾಷೆಯಲ್ಲಿರುವ ಕ್ರಿ.ಪೂ. 3ನೇ ಶತಮಾನದ ಕಿರು ಬಂಡೆಶಾಸನವು, ಅದುವರೆಗೆ ಲಭ್ಯವಾಗಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ ಮಾತ್ರ ಉಲ್ಲೇಖಿಸಲ್ಪಟ್ಟಿದ್ದ ಅರಸನು ಮೌರ್ಯ ಚಕ್ರವರ್ತಿ ಅಶೋಕನೇ ಎಂಬುದನ್ನು ಸ್ಪಷ್ಟಪಡಿಸಿದ್ದರಿಂದ ಭಾರತೀಯ ಇತಿಹಾಸ ಅಧ್ಯಯನದಲ್ಲಿ ಮಹತ್ವದ ಸ್ಥಾನವನ್ನು ಪಡೆದಿದೆ.

ಒಟ್ಟು 45 ಪದ. ವ್ಯಾಕರಣದಲ್ಲಿ ತಪ್ಪಿಲ್ಲ, ಸಂಗತಿಯಲ್ಲೂ ತಪ್ಪಿಲ್ಲ. ಆದರೆ ಯಾವುದರ ಬಗ್ಗೆ ಹೇಳುತ್ತಿದ್ದೇವೆ ಎಂಬುದು, ಅಂದರೆ ‘ಬಂಡೆಶಾಸನವು’ ಅನ್ನುವ ಪದ, 24ನೆಯದಾಗಿ ಬರುತ್ತದೆ. ಅಲ್ಲಿಯವರೆಗೆ ಊರು, ವರ್ಷ, ಮನುಷ್ಯನ ಹೆಸರು, ಲಿಪಿ, ಭಾಷೆ, ಶತಮಾನ ಎಲ್ಲವನ್ನೂ ಕೇಳುಗ ಕೈಯಲ್ಲಿ ಹಿಡಿದು ನಿಂತಿರಬೇಕು, ಇಳಿಸಲು ಜಾಗವಿಲ್ಲ. ಆ ಪದ ಬಂದ ಮೇಲೂ ಬಿಡುಗಡೆ ಇಲ್ಲ. ಶಾಸನ ಏನು ಮಾಡಿತು ಅನ್ನುವ ಕ್ರಿಯಾಪದ ‘ಪಡೆದಿದೆ’ ಬರುವುದಕ್ಕೆ ನಡುವೆ ಇನ್ನೂ 20 ಪದ ದಾಟಬೇಕು.

ಈ ಭಾರಕ್ಕೆ ಮೂಲ ‘ಪತ್ತೆಹಚ್ಚಲ್ಪಟ್ಟ’, ‘ಭಾಷೆಯಲ್ಲಿರುವ’, ‘ಲಭ್ಯವಾಗಿದ್ದ’, ‘ಉಲ್ಲೇಖಿಸಲ್ಪಟ್ಟಿದ್ದ’ ಎಂಬ ನಾಲ್ಕು ರೂಪಗಳು. ಶಾಲೆಯ ವ್ಯಾಕರಣದಲ್ಲಿ ಇವನ್ನು ಕೃದಂತನಾಮ ಅಂತ ಓದಿದ್ದೀರಿ. ಇವು ಮುಂದೆ ಬರಲಿರುವ ನಾಮಪದಕ್ಕೆ ಮೊದಲೇ ಕಟ್ಟಿಟ್ಟ ಗಂಟುಗಳು. ‘ಮಾಡಿದ’ ಅಂದ ಕೂಡಲೇ ಕೇಳುಗನ ಮನಸ್ಸು ‘ಯಾವುದನ್ನು, ಯಾರು’ ಅಂತ ಕಾಯತೊಡಗುತ್ತದೆ. ಒಂದು ಗಂಟು ತೊಂದರೆ ಇಲ್ಲ. ‘ನಿನ್ನೆ ಬಂದ ಹುಡುಗ’ ಅಂತ ನಾವು ದಿನಾ ಮಾತಾಡುತ್ತೇವೆ. ಒಂದೇ ನಾಮಪದಕ್ಕೆ ಎರಡು ಗಂಟು ಬಿದ್ದರೆ ಮನೆಮಾತಿನಲ್ಲಿ ಅದು ಅಪರೂಪ, ಮೂರು ಬಿದ್ದರೆ ಯಾರೂ ಹಾಗೆ ಆಡುವುದೇ ಇಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ರೂಪ ಇದೆ: ‘ಮಾಡಿ’, ‘ನೋಡಿ’, ‘ಹೋಗಿ’. ಇದು ಕೃದಂತಾವ್ಯಯ. ಎಷ್ಟು ಪೋಣಿಸಿದರೂ ಕಿವಿಗೆ ಭಾರವಾಗುವುದಿಲ್ಲ. ‘ಗುಡ್ಡ ಹತ್ತಿ, ಕಲ್ಲಿನ ಹತ್ರ ಹೋಗಿ, ಬಗ್ಗಿ ನೋಡಿ, ಬರೆದುಕೊಂಡು ಬಂದ’ ಅನ್ನುವ ವಾಕ್ಯ ಮಗುವಿಗೂ ತಿಳಿಯುತ್ತದೆ. ಪ್ರತಿ ಕೆಲಸವೂ ಅಲ್ಲಲ್ಲೇ ಮುಗಿದು ಮುಂದಿನದಕ್ಕೆ ದಾರಿ ಬಿಡುತ್ತದೆ, ಯಾವುದನ್ನೂ ಹಿಡಿದು ಕಾಯಬೇಕಾಗಿಲ್ಲ. ಹಾಗಾಗಿ ‘ವಾಕ್ಯ ಉದ್ದ ಇರಬಾರದು’ ಅನ್ನುವ ಸಲಹೆ ಕನ್ನಡಕ್ಕೆ ಅರ್ಧ ಮಾತ್ರ ಸರಿ. ಉದ್ದಕ್ಕಿಂತ ಗಂಟು ಮುಖ್ಯ. ಪೆನ್ನು ಹಿಡಿದ ಕೂಡಲೇ ಮೊದಲು ಮಾಡಬೇಕಾದ ಕೆಲಸ ಈ ಗಂಟುಗಳಿಗೆ ಸುತ್ತು ಹಾಕುವುದು. ಎಷ್ಟು ಸುತ್ತು ಬಿದ್ದವೋ ಕಡಿಮೆ ಅಂದರೂ ಅಷ್ಟು ಹೊಸ ವಾಕ್ಯ ಬೇಕಾಗುತ್ತವೆ ಅಂತ ಲೆಕ್ಕ.

ಸುತ್ತು ಹಾಕಿಯಾದ ಮೇಲೆ, ಸುಂದರ ಭಾಷೆಯ ಯೋಚನೆಯನ್ನೇ ಬಿಟ್ಟು, ವಾಕ್ಯದಲ್ಲಿರುವ ಸಂಗತಿಗಳನ್ನು ಸಾಲಿಗೊಂದರಂತೆ ಇಳಿಸಿ. ಶಾಸನ ಮಸ್ಕಿಯ ಬೆಟ್ಟದಲ್ಲಿದೆ. 1915ರಲ್ಲಿ ಬೀಡನ್ ಅದನ್ನು ಕಂಡರು. ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕಾಲ ಕ್ರಿ.ಪೂ. 3ನೇ ಶತಮಾನ. ಅದಕ್ಕೆ ಮುಂಚೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ಬಿರುದು ಮಾತ್ರ ಇತ್ತು. ಆ ಬಿರುದಿನ ಅರಸ ಅಶೋಕನೇ ಎಂಬುದು ಇದರಿಂದ ಸ್ಪಷ್ಟವಾಯಿತು. ಇಷ್ಟೇ. ‘ಭಾರತೀಯ ಇತಿಹಾಸ ಅಧ್ಯಯನದಲ್ಲಿ ಮಹತ್ವದ ಸ್ಥಾನ’ ಅನ್ನುವುದನ್ನು ಇಳಿಸಲು ಹೋದರೆ ಕೈಗೆ ಏನೂ ಸಿಗುವುದಿಲ್ಲ, ಏಕೆ ಮಹತ್ವ ಅನ್ನುವುದು ಆಗಲೇ ಹಿಂದಿನ ಸಾಲಿನಲ್ಲಿ ಬಂದಾಯಿತು. ಅದನ್ನು ಬಿಡಬಹುದು.

ಒಂದು ಎಚ್ಚರಿಕೆ. ಸಾಲುಗಳನ್ನು ಇಳಿಸಿದ ಹಾಳೆಯನ್ನು ಎಸೆಯಬೇಡಿ. ಕೊನೆಗೆ ಸ್ಕ್ರಿಪ್ಟನ್ನು ತಾಳೆ ನೋಡುವುದು ಇದರ ಜೊತೆಗೇ.

ಈಗ ಅನುಕ್ರಮ. ಪುಸ್ತಕದ ವಾಕ್ಯ ಊರಿನಿಂದ ಶುರುವಾಗಿ ಮಹತ್ವದಲ್ಲಿ ಮುಗಿಯಿತು. ದನಿಗೆ ಬೇರೆ ಕ್ರಮ ಬೇಕು. ಪರದೆಯ ಮೇಲೆ ಕಲ್ಲು ಕಾಣುತ್ತಿರುವಾಗ ದನಿಯೂ ಕಲ್ಲಿನ ಮಾತನ್ನೇ ಆಡಬೇಕು. ಕಲ್ಲು ಕಾಣುತ್ತಿದ್ದು ದನಿ ಎಂಜಿನಿಯರ್ ಬಗ್ಗೆ ಹೇಳುತ್ತಿದ್ದರೆ ನೋಡುಗ ಎರಡರಲ್ಲಿ ಒಂದನ್ನು ಕಳೆದುಕೊಳ್ಳುತ್ತಾನೆ, ಸಾಮಾನ್ಯವಾಗಿ ದನಿಯನ್ನೇ. ಇನ್ನು, ಕನ್ನಡದಲ್ಲಿ ಸಾಮಾನ್ಯವಾಗಿ ಒತ್ತು ಬೀಳುವ ಜಾಗ ಕ್ರಿಯಾಪದದ ಹಿಂದಿನ ಪದ. ‘ಬೀಡನ್ 1915ರಲ್ಲಿ ಇದನ್ನ ಗುರುತಿಸಿದ್ರು’ ಅಂದರೆ ವರ್ಷ ನಡುವೆ ಮುಳುಗುತ್ತದೆ. ‘ಇದನ್ನ ಬೀಡನ್ ಗುರುತಿಸಿದ್ದು 1915ರಲ್ಲಿ’ ಅಂತ ತಿರುಗಿಸಿ ವರ್ಷವನ್ನು ಕ್ರಿಯಾಪದದ ಆಚೆ ಕೊನೆಗೆ ಇಟ್ಟರೆ ಅದು ಎದ್ದು ನಿಲ್ಲುತ್ತದೆ. ಈ ತಿರುಗಿಸುವ ವಿದ್ಯೆ ಒಳ್ಳೆಯದು, ಆದರೆ ನಿಮಿಷಕ್ಕೆ ಒಂದು ಸಲ ಸಾಕು. ಸಾಲುಸಾಲಾಗಿ ‘ಸಿಕ್ಕಿದ್ದು ಇಲ್ಲಿ, ಕಂಡಿದ್ದು ಇವರು, ಓದಿದ್ದು ಅವರು’ ಅಂತ ಬರೆದರೆ ಟೀವಿಯ ಬ್ರೇಕಿಂಗ್ ನ್ಯೂಸ್ ಆಗಿಬಿಡುತ್ತದೆ.

ಇಷ್ಟಾದ ಮೇಲೆ ಬರೆದ ಸ್ಕ್ರಿಪ್ಟ್ ಹೀಗೆ ಬರುತ್ತದೆ. ಒಂದು ಗೀಟು ಚಿಕ್ಕ ನಿಲುಗಡೆ, ಸುಮಾರು ಅರ್ಧ ಸೆಕೆಂಡು. ಎರಡು ಗೀಟು ದೊಡ್ಡದು, ಸುಮಾರು ಒಂದು ಸೆಕೆಂಡು.

> ಮಸ್ಕಿ. / ರಾಯಚೂರು ಜಿಲ್ಲೆ. //
>
> ಈ ಬಂಡೆ ಮೇಲಿರೋ ಬರಹಕ್ಕೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ವಯಸ್ಸು. //
>
> ಲಿಪಿ ಬ್ರಾಹ್ಮಿ. / ಭಾಷೆ ಪ್ರಾಕೃತ. //
>
> ನೂರು ವರ್ಷಕ್ಕೂ ಹಿಂದೆ, / ಚಿನ್ನದ ಗಣಿಯ ಎಂಜಿನಿಯರ್ ಬೀಡನ್ / ಇದನ್ನ ಗುರುತಿಸಿದ್ರು. //
>
> ಅಲ್ಲೀವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ರಾಜನ ಹೆಸರೇ ಇರಲಿಲ್ಲ. / ಬಿರುದು ಮಾತ್ರ ಇತ್ತು. //
>
> ದೇವಾನಾಂ-ಪ್ರಿಯ. / ಪ್ರಿಯದರ್ಶಿ. //
>
> ಆ ರಾಜ ಅಶೋಕನೇ ಇರಬೇಕು / ಅಂತ ವಿದ್ವಾಂಸರು ಅಂದ್ಕೊಂಡಿದ್ರು. //
>
> ಮಸ್ಕಿಯಲ್ಲಿ, / ಬಿರುದಿನ ಪಕ್ಕದಲ್ಲೇ / ಹೆಸರೂ ಸಿಕ್ತು. // ಅಶೋಕ.

ಏನೇನು ಬದಲಾಯಿತು ನೋಡಿ. ‘ಲ್ಪಟ್ಟ’ ಹೋಯಿತು. ‘ಅವರಿಂದ ಪತ್ತೆಹಚ್ಚಲ್ಪಟ್ಟ’ ಅನ್ನುವುದು ‘ಬೀಡನ್ ಗುರುತಿಸಿದ್ರು’ ಆಯಿತು, ಅಂದರೆ ಕೆಲಸ ಮಾಡಿದವರು ವಾಕ್ಯದ ಒಡೆಯರಾದರು. ‘ಶಾಸನವು’, ‘ಅರಸನು’ ಅನ್ನುವಲ್ಲಿನ ‘ವು’, ‘ನು’ ಉದುರಿದವು, ಮಾತಿನಲ್ಲಿ ಅವು ಇಲ್ಲ. ‘ಹಾಗೂ’ ಹೋಗಿ ಎರಡು ಪುಟ್ಟ ವಾಕ್ಯ ಬಂದವು. ಇನಿಶಿಯಲ್ ‘ಸಿ.’ ಹೋಯಿತು, ದನಿಯಲ್ಲಿ ಅದು ಯಾರಿಗೂ ಬೇಡ. ‘ದೇವಾನಾಂ’ ನಂತರ ಅಡ್ಡಗೆರೆ ಹಾಕಿದ್ದು ಓದುವವರಿಗಾಗಿ. ಮೊದಲ ಸಲ ನೋಡಿದವರು ಅದನ್ನು ‘ದೇವಾ, ನಾಂಪ್ರಿಯ’ ಅಂತ ಮುರಿದುಬಿಡುತ್ತಾರೆ.

ಸಂಖ್ಯೆಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಾಗದದ ಮೇಲೆ 1915 ನಾಲ್ಕು ಅಂಕಿ. ಬಾಯಲ್ಲಿ ‘ಸಾವಿರದ ಒಂಬೈನೂರ ಹದಿನೈದರಲ್ಲಿ’ ಅಂದರೆ 14 ಅಕ್ಷರ, ಹತ್ತಿರ ಹತ್ತಿರ ಮೂರು ಸೆಕೆಂಡು. ಆ ವರ್ಷ ಕೇಳುಗನಿಗೆ ನಿಜವಾಗಿ ಬೇಕಿದ್ದರೆ ಪರದೆಯ ಮೂಲೆಯಲ್ಲಿ ಅಕ್ಷರವಾಗಿ ಹಾಕಿ, ದನಿಯಲ್ಲಿ ‘ನೂರು ವರ್ಷಕ್ಕೂ ಹಿಂದೆ’ ಸಾಕು. ‘ನೂರು ವರ್ಷದ ಹಿಂದೆ’ ಅಂತ ಬರೆಯಬೇಡಿ, ವಿಡಿಯೊ ಹಳೆಯದಾದಂತೆ ಅದು ಸುಳ್ಳಾಗುತ್ತಾ ಹೋಗುತ್ತದೆ. ‘ವರ್ಷಕ್ಕೂ’ ಅಂದರೆ ಯಾವತ್ತಿಗೂ ಸರಿ. ‘ಕ್ರಿಸ್ತಪೂರ್ವ ಮೂರನೇ ಶತಮಾನ’ ಅನ್ನುವುದರ ಅಪಾಯ ಬೇರೆ. ಬೇಗ ಓದಿದಾಗ ‘ಪೂರ್ವ’ ಮಸುಕಾಗಿ ‘ಮೂರನೇ ಶತಮಾನ’ ಮಾತ್ರ ಕಿವಿಯಲ್ಲಿ ಉಳಿದರೆ ಸುಮಾರು ಐನೂರು ವರ್ಷ ಆಚೀಚೆ ಆಗುತ್ತದೆ. ಇವತ್ತಿನಿಂದ ಹಿಂದಕ್ಕೆ ಎಣಿಸಿ ಹೇಳಿದರೆ ಆ ತೊಂದರೆ ಇಲ್ಲ.

ದಶಾಂಶ ಬಂದಾಗಲೂ ಒಂದು ತಪ್ಪು ಆಗುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 105.788 ಟಿಎಂಸಿ ಅಡಿ ಅಂತ ಕಾಗದದಲ್ಲಿರುತ್ತದೆ. ಬಿಂದುವಿನ ನಂತರದ್ದನ್ನು ಕತ್ತರಿಸಿ ‘ನೂರಾ ಐದು ಟಿಎಂಸಿ’ ಅಂದುಬಿಡುತ್ತಾರೆ. ಅದು ತಪ್ಪು ದಿಕ್ಕಿಗೆ ಮೊಟಕುಗೊಳಿಸಿದ್ದು. ‘ಹತ್ತಿರ ಹತ್ತಿರ ನೂರಾ ಆರು ಟಿಎಂಸಿ’ ಅನ್ನಬೇಕು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ಎಂಬ ವಿವರಣೆ ಎಡದಂಡೆ, ಬಲದಂಡೆ ಕಾಲುವೆಯ ರೈತರಿಗೆ ಬೇಕಾಗಿಲ್ಲ, ದಿನಾ ಪತ್ರಿಕೆಯಲ್ಲಿ ಆ ಪದ ನೋಡುತ್ತಾರೆ. ಬೇರೆ ಊರಿನ ಮಕ್ಕಳಿಗೆ ಮಾಡುವ ವಿಡಿಯೊ ಆದರೆ ಬೇಕು. ನೀರು ಹಂಚಿಕೆಯ ವಿವಾದದ ಬಗ್ಗೆಯೇ ವಿಡಿಯೊ ಆಗಿದ್ದರೆ ಅಂಕಿಯನ್ನು ಮುಟ್ಟಲೇಬೇಡಿ, ಪೂರ್ತಿ ಹೇಳಿ.

ಇನ್ನು ಹೊತ್ತಿನ ಲೆಕ್ಕ. ಕನ್ನಡದಲ್ಲಿ ಪದ ಎಣಿಸಿ ಸಮಯ ಹಾಕಬಾರದು. ‘ಈ’ ಒಂದು ಪದ, ‘ಸ್ಪಷ್ಟಪಡಿಸಿದ್ದರಿಂದ’ ಅನ್ನುವುದೂ ಒಂದು ಪದ. ಅಕ್ಷರ ಎಣಿಸಿ. ಒತ್ತಕ್ಷರ ಸೇರಿ ಒಂದು, ಪದದ ಕೊನೆಯ ಅರ್ಧ ವ್ಯಂಜನಕ್ಕೆ ಲೆಕ್ಕವಿಲ್ಲ, ಅಂಕಿಗಳನ್ನು ಬಾಯಲ್ಲಿ ಹೇಳುವ ಹಾಗೆ ಬಿಡಿಸಿ ಎಣಿಸಬೇಕು. ಸಮಾಧಾನದ ಓದಿಗೆ, ನಿಲುಗಡೆ ಬಿಟ್ಟು, ಸೆಕೆಂಡಿಗೆ ಐದು ಅಕ್ಷರ ಅಂತ ಹಿಡಿದರೆ ಕೆಲಸ ನಡೆಯುತ್ತದೆ. ನಿಮ್ಮ ದನಿಗೆ ಅದು ನಾಲ್ಕೂವರೆಯೋ ಐದೂವರೆಯೋ ಇರಬಹುದು. ಒಂದು ನಿಮಿಷ ಓದಿ ರೆಕಾರ್ಡ್ ಮಾಡಿಕೊಂಡು, ನಿಲುಗಡೆ ಕಳೆದು, ಒಮ್ಮೆ ಅಳೆದಿಟ್ಟುಕೊಳ್ಳಿ.

ಆ ಲೆಕ್ಕದಲ್ಲಿ ಪುಸ್ತಕದ ವಾಕ್ಯ 186 ಅಕ್ಷರ, ಒಂದೇ ಸಮನೆ ಓದಿದರೆ ಸುಮಾರು 37 ಸೆಕೆಂಡು. ಹೊಸ ಸ್ಕ್ರಿಪ್ಟ್ 155 ಅಕ್ಷರ, ಅಂದರೆ 31 ಸೆಕೆಂಡು. ಕಡಿಮೆಯಾಯಿತು ಅಂತ ಖುಷಿಪಡುವ ಮುಂಚೆ ಗೀಟುಗಳನ್ನು ಎಣಿಸಿ. ದೊಡ್ಡ ನಿಲುಗಡೆ ಎಂಟು, ಚಿಕ್ಕವು ಒಂಬತ್ತು, ಸೇರಿ ಹನ್ನೆರಡೂವರೆ ಸೆಕೆಂಡು. ಒಟ್ಟು 43 ದಾಟಿತು. ಅಕ್ಷರ ಕಡಿಮೆಯಾದರೂ ಹೊತ್ತು ಹೆಚ್ಚಾಯಿತು. ಇದನ್ನು ಮೊದಲೇ ತಿಳಿದುಕೊಳ್ಳದವರು ಎಡಿಟಿಂಗ್ ಮೇಜಿನ ಮೇಲೆ ಜಾಗ ಸಾಲದೆ ದನಿಯ ವೇಗ ಏರಿಸುತ್ತಾರೆ, ಇಲ್ಲವೇ ನಿಲುಗಡೆಗಳನ್ನು ಕತ್ತರಿಸುತ್ತಾರೆ. ಎರಡರಲ್ಲಿ ಯಾವುದು ಮಾಡಿದರೂ ಇಷ್ಟು ಹೊತ್ತು ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಕಿವಿಗೆ ಸುಲಭವಾದದ್ದು ಆ ನಿಲುಗಡೆಗಳಿಂದಲೇ.

ಸಿಕ್ಕಿರುವ ಜಾಗ 40 ಸೆಕೆಂಡು ಅಂದುಕೊಳ್ಳಿ. ಆಗ ಸಂಗತಿಯೊಂದನ್ನು ಬಿಡಬೇಕು, ನಿಲುಗಡೆಯನ್ನಲ್ಲ. ಬಿಡಬಹುದಾದದ್ದು ಬೀಡನ್ ಸಾಲು, ಏಕೆಂದರೆ ಅದನ್ನು ‘1915, ಸಿ. ಬೀಡನ್’ ಅಂತ ಪರದೆಯ ಮೇಲೆ ತೋರಿಸಬಹುದು. ಆ ಸಾಲಿನ 27 ಅಕ್ಷರ, ನಿಲುಗಡೆಗಳು ಸೇರಿ ಏಳೂ ಚಿಲ್ಲರೆ ಸೆಕೆಂಡು ಉಳಿದು 36ಕ್ಕೆ ಬರುತ್ತದೆ. ಆದರೆ ಸಾಲು ತೆಗೆದು ಹಾಗೇ ಬಿಟ್ಟರೆ ಕೆಳಗಿನ ಸಾಲು ಕೆಡುತ್ತದೆ. ‘ಅಲ್ಲೀವರೆಗೆ ಸಿಕ್ಕಿದ್ದ’ ಅನ್ನುವಾಗ ಎಲ್ಲೀವರೆಗೆ? ಆ ಪದ ನೇತುಬಿದ್ದಿದ್ದೇ ಬೀಡನ್ ಸಾಲಿನ ಗೂಟಕ್ಕೆ. ಗೂಟ ಕಿತ್ತ ಮೇಲೆ ಅದನ್ನು ‘ಇದಕ್ಕಿಂತ ಮುಂಚೆ ಸಿಕ್ಕಿದ್ದ’ ಅಂತ ಬದಲಿಸಬೇಕು. ಯಾವ ಸಾಲು ತೆಗೆದರೂ ಅದರ ಕೆಳಗಿನ ಸಾಲಿನಲ್ಲಿ ‘ಆ’, ‘ಅದು’, ‘ಅಲ್ಲಿ’, ‘ಆಗ’ ಅನ್ನುವ ಪದ ಇದೆಯಾ ಅಂತ ನೋಡಿ. ಚೆನ್ನಾಗಿದ್ದ ಸ್ಕ್ರಿಪ್ಟ್ ಕೊನೆಯ ಗಳಿಗೆಯಲ್ಲಿ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರೋಣ. ಸರಳ ಮಾಡುವಾಗ ಸುಳ್ಳು ಹುಟ್ಟುವುದು. ನಮ್ಮ ಸ್ಕ್ರಿಪ್ಟಿನಲ್ಲಿ ‘ಇಂಥ’ ಅನ್ನುವ ಎರಡಕ್ಷರದ ಪದ ಇದೆ. ಅದು ಉದ್ದ ಅನಿಸಿ ತೆಗೆದರೆ ಏನಾಗುತ್ತದೆ? ‘ಅಲ್ಲೀವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಹೆಸರೇ ಇರಲಿಲ್ಲ.’ ಇದು ತಪ್ಪು. ಗುಜರಾತಿನ ಜುನಾಗಢದ ಬಂಡೆಯ ಮೇಲೆ ರುದ್ರದಾಮನ ಎಂಬ ನಂತರದ ಅರಸ ಬರೆಸಿದ ಶಾಸನದಲ್ಲಿ ಮೌರ್ಯ ಅಶೋಕನ ಹೆಸರಿದೆ, ಅದು ಮಸ್ಕಿಗಿಂತ ಮೊದಲೇ ಗೊತ್ತಿತ್ತು. ಹೆಸರಿಲ್ಲದೆ ಇದ್ದದ್ದು ಅಶೋಕ ತಾನೇ ಬರೆಸಿದ ಶಾಸನಗಳಲ್ಲಿ. ಆ ವ್ಯತ್ಯಾಸವನ್ನು ಹೊತ್ತಿರುವುದು ‘ಇಂಥ’ ಎಂಬ ಪದವೇ.

ಎರಡನೆಯದು ‘ಮೊದಲ’. ಕೇಳಲು ಚೆನ್ನಾಗಿರುತ್ತದೆ ಅಂತ ‘ಅಶೋಕನ ಹೆಸರಿರೋ ಮೊದಲ ಶಾಸನ’ ಅಂತ ಬರೆಯುತ್ತಾರೆ. ಕಣ್ಣಿನಲ್ಲಿ ಓದುವವನು ಅದನ್ನು ‘ಮೊದಲು ಪತ್ತೆಯಾದದ್ದು’ ಅಂತ ಸಂದರ್ಭದಿಂದ ತಿಳಿದಾನು. ಕಿವಿಯಲ್ಲಿ ಕೇಳುವವನಿಗೆ ಅದು ‘ಅಶೋಕ ಮೊದಲು ಕೆತ್ತಿಸಿದ್ದು’. ಸಿಕ್ಕ ಕ್ರಮ ಬೇರೆ, ಕೆತ್ತಿದ ಕ್ರಮ ಬೇರೆ. ‘ಮೊದಲ’ ಬೇಕೇ ಬೇಕು ಅಂದರೆ ಪಕ್ಕದಲ್ಲಿ ‘ಸಿಕ್ಕಿದ್ದು’ ಇರಲೇಬೇಕು. ಇದರ ಮುಂದಿನ ಜಾರುವಿಕೆ ‘ಅಶೋಕನ ಹೆಸರಿರೋ ಒಂದೇ ಒಂದು ಶಾಸನ’. ಅದಂತೂ ಪೂರ್ತಿ ಸುಳ್ಳು. ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ನಂತರ ಸಿಕ್ಕ ಶಾಸನಗಳಲ್ಲೂ ಆ ಹೆಸರಿದೆ. ಸಿರುಗುಪ್ಪದ ಕಡೆಯ ಮಗುವೊಂದು ನಿಮ್ಮ ವಿಡಿಯೊ ನೋಡಿ ತನ್ನ ಊರಿನ ಪಕ್ಕದ ಶಾಸನವನ್ನು ಇಲ್ಲ ಅಂದುಕೊಳ್ಳಬಾರದು.

ಮೂರನೆಯದು ‘ಗೊತ್ತಾಯ್ತು’. ಪುಸ್ತಕದಲ್ಲಿ ‘ಸ್ಪಷ್ಟಪಡಿಸಿತು’ ಅಂತ ಇತ್ತು. ಅದನ್ನು ‘ಆಗ್ಲೇ ಜಗತ್ತಿಗೆ ಗೊತ್ತಾಯ್ತು’ ಅಂತ ಇಳಿಸಿದರೆ ಅದಕ್ಕೂ ಮುಂಚೆ ಯಾರಿಗೂ ಗೊತ್ತಿರಲಿಲ್ಲ ಎಂದಾಗುತ್ತದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ ಕಾಲದಲ್ಲೇ, ಸಿಂಹಳದ ಬೌದ್ಧ ಗ್ರಂಥಗಳ ಆಧಾರದ ಮೇಲೆ ಪ್ರಿಯದರ್ಶಿ ಅಂದರೆ ಅಶೋಕ ಅಂತ ಜಾರ್ಜ್ ಟರ್ನರ್ ತೋರಿಸಿದ್ದರು. ಮಸ್ಕಿಯ ಶಾಸನ ‘ದೇವಾನಂಪಿಯಸ ಅಸೋಕಸ’ ಅಂತ ಬಿರುದನ್ನೂ ಹೆಸರನ್ನೂ ಒಟ್ಟಿಗೆ ಇಟ್ಟು ಅದನ್ನು ಗಟ್ಟಿ ಮಾಡಿತು. ಸ್ಕ್ರಿಪ್ಟಿನಲ್ಲಿ ‘ವಿದ್ವಾಂಸರು ಅಂದ್ಕೊಂಡಿದ್ರು’ ಅನ್ನುವ ಸಾಲನ್ನು ಇಟ್ಟಿದ್ದು ಅದಕ್ಕೇ. ಅದಿಲ್ಲದಿದ್ದರೆ ನಿಲುಗಡೆಗಳು ಸೇರಿ ಹತ್ತಿರ ಹತ್ತಿರ ಆರು ಸೆಕೆಂಡು ಉಳಿಯುತ್ತಿತ್ತು, ಆದರೆ ಕಥೆ ಸುಳ್ಳಾಗುತ್ತಿತ್ತು. ಸಾಲು ಕತ್ತರಿಸುವಾಗ ‘ಸುಮಾರು’, ‘ಇರಬೇಕು’, ‘ಅಂತಾರೆ’, ‘ಇಂಥ’, ‘ಮಾತ್ರ’ ಎಂಬ ಪದಗಳ ಮೇಲೆ ಕತ್ತರಿ ಆಡಿಸುವ ಮುಂಚೆ ಇಳಿಸಿಟ್ಟ ಹಾಳೆಯನ್ನು ತೆಗೆದು ನೋಡಿ.

ಈಗ ಯಾವ ಕನ್ನಡದಲ್ಲಿ ಎಂಬ ಪ್ರಶ್ನೆ. ಮೇಲಿನ ಸ್ಕ್ರಿಪ್ಟ್ ಟೀವಿ, ರೇಡಿಯೊದಲ್ಲಿ ಕೇಳಿ ಎಲ್ಲ ಕಡೆಯವರಿಗೂ ರೂಢಿಯಾದ ಆಡುಮಾತಿನಲ್ಲಿದೆ. ನಮ್ಮ ಮಾತಿನಲ್ಲೇ ಮಾಡುತ್ತೇವೆ ಅನ್ನುವವರು ಧಾರಾಳವಾಗಿ ಮಾಡಿ, ಈ ಭಾಗದ ಹಳ್ಳಿಯ ಕೇಳುಗರಿಗೆ ಅದು ಹತ್ತಿರ. ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಆಗಿರಲಿ. ‘ಅದ’ ಅನ್ನುವುದಾದರೆ ಎಲ್ಲ ಕಡೆ ‘ಅದ’, ಕೊಪ್ಪಳದ ಕಡೆ ‘ಐತಿ’ ಅನ್ನುವುದಾದರೆ ಎಲ್ಲ ಕಡೆ ‘ಐತಿ’, ಬಳ್ಳಾರಿಯವರಿಗೆ ‘ಐತೆ’. ಒಂದು ಸಾಲಿನಲ್ಲಿ ‘ಇದೆ’, ಮುಂದಿನದರಲ್ಲಿ ‘ಐತಿ’ ಬಂದರೆ ಕೇಳುಗ ವಿಷಯ ಬಿಟ್ಟು ಮಾತಿನ ಧಾಟಿಯನ್ನೇ ಗಮನಿಸಲು ಶುರುಮಾಡುತ್ತಾನೆ. ನಟನೆ ಅನ್ನಿಸುತ್ತದೆ.

ನಮ್ಮ ಮಾತಿಗೆ ತಿರುಗಿಸುವಾಗ ಬರೀ ಕ್ರಿಯಾಪದದ ಬಾಲ ಬದಲಿಸಿದರೆ ಸಾಲದು. ಈ ಕಡೆ ಪದದ ಕೊನೆಯ ‘ಎ’ ಎಷ್ಟೋ ಸಲ ‘ಇ’ ಆಗುತ್ತದೆ. ಮನೆ ‘ಮನಿ’, ತಲೆ ‘ತಲಿ’. ಹಾಗೇ ಬಂಡೆ ‘ಬಂಡಿ’ ಆಗುತ್ತದೆ. ‘ಈ ಬಂಡಿ ಮ್ಯಾಲಿನ ಬರಹ’ ಅಂದರೆ ಕೇಳುಗನ ಕಣ್ಣಮುಂದೆ ಎತ್ತಿನ ಬಂಡಿ ಬಂದು ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಪದವನ್ನೇ ಬದಲಿಸಬೇಕು:

> ಈ ಕಲ್ಲಿನ ಮ್ಯಾಲಿನ ಬರಹಕ್ಕ ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. //
>
> ಮಸ್ಕಿ ಒಳಗ, / ಬಿರುದಿನ ಬಾಜೂಕ / ಹೆಸರೂ ಸಿಕ್ತು. // ಅಶೋಕ.

ಯಾವ ಧಾಟಿಯಾದರೂ ಬರೆಯುವ ರೀತಿಯಲ್ಲಿ ಒಂದು ಮಿತಿ ಬೇಕು. ಮಾತಿನಲ್ಲಿ ನುಂಗುವ ಸ್ವರಗಳನ್ನೆಲ್ಲ ಕಾಗದದ ಮೇಲೂ ನುಂಗಲು ಹೋಗಬೇಡಿ. ‘ಗುರುತಿಸಿದ್ರು’, ‘ಅಂದ್ಕೊಂಡಿದ್ರು’ ಎಂಬ ಕ್ರಿಯಾಪದಗಳವರೆಗೆ ಸಾಕು. ‘ಕಲ್ಲಿನ್ ಮೇಲಿನ್ ಬರಹ’ ಅಂತ ನಾಮಪದಗಳನ್ನೂ ಕೊರೆದರೆ ಓದುವವರು ಪ್ರತಿ ಪದದಲ್ಲೂ ತಡವರಿಸುತ್ತಾರೆ. ಅದನ್ನು ದನಿ ತಾನಾಗಿ ಮಾಡಿಕೊಳ್ಳುತ್ತದೆ. ಅರ್ಕಾವತ್ತಿನ ಪದಗಳಲ್ಲಿ ಇನ್ನೂ ಜಾಗ್ರತೆ. ‘ಬರ್ತಾರೆ’ ಅನ್ನುವಲ್ಲಿ ರಕಾರವನ್ನು ಬರೆಯುವುದು ತಕಾರದ ಆಚೆ, ಉಚ್ಚರಿಸುವುದು ಈಚೆ. ಇಂಥವು ಒಂದೇ ಸಾಲಿನಲ್ಲಿ ಮೂರು ಬಂದರೆ ಒಳ್ಳೆಯ ಓದುಗರೂ ಮುಗ್ಗರಿಸುತ್ತಾರೆ.

ವಾಕ್ಯ ಮುರಿಯುವ ಹುರುಪಿನಲ್ಲಿ ಇನ್ನೊಂದು ಅತಿ ಆಗುತ್ತದೆ. ‘ಕಲ್ಲು ಸಿಕ್ತು. ಹೆಸರು ಬಂತು. ಸುದ್ದಿ ಹಬ್ಬಿತು. ಇತಿಹಾಸ ಬದಲಾಯ್ತು.’ ಎಲ್ಲ ಸಾಲೂ ಒಂದೇ ಅಳತೆ, ಎಲ್ಲದರ ಕೊನೆಯೂ ‘ತು’. ಡೊಳ್ಳಿನ ಪೆಟ್ಟಿನ ಹಾಗೆ ಕೇಳುತ್ತದೆ, ಅರ್ಥ ಬೀಳುವುದಿಲ್ಲ. ಆಗ ಎರಡು ಮೂರನ್ನು ‘ಸಿಕ್ಕಿ’, ‘ಹಬ್ಬಿ’ ರೂಪದಲ್ಲಿ ಪೋಣಿಸಿ ಒಂದು ಉದ್ದ ಸಾಲು ಮಾಡಿ, ಅದರ ಪಕ್ಕದಲ್ಲಿ ಒಂದು ಚಿಕ್ಕದಿರಲಿ. ನಮ್ಮ ಸ್ಕ್ರಿಪ್ಟಿನಲ್ಲಿ ‘ಅಲ್ಲೀವರೆಗೆ’ ಸಾಲು ಉದ್ದ, ‘ಬಿರುದು ಮಾತ್ರ ಇತ್ತು’ ಚಿಕ್ಕದು.

ಹಾಳೆ ಸಿದ್ಧ ಮಾಡುವುದು ಸುಲಭ. ಎಡಗಡೆ ಚಿತ್ರ ಮತ್ತು ಸೆಕೆಂಡು, ಬಲಗಡೆ ಮಾತು. ದೊಡ್ಡ ಅಕ್ಷರ, ಸಾಲುಗಳ ನಡುವೆ ಎರಡರಷ್ಟು ಜಾಗ. ಪದ ಸಾಲಿನ ಕೊನೆಯಲ್ಲಿ ಮುರಿಯಬಾರದು, ವಾಕ್ಯ ಪುಟದ ಕೊನೆಯಲ್ಲಿ ಮುರಿಯಬಾರದು. ಪುಟ ತಿರುವುವ ಸದ್ದು ಮೈಕಿಗೆ ಬೀಳುತ್ತದೆ, ದನಿಯೂ ಅಲ್ಲಿ ಎತ್ತರಕ್ಕೆ ನಿಂತುಬಿಡುತ್ತದೆ. ‘ಪ್ರಿಯದರ್ಶಿ’ಯಂಥ ಪಕಾರದಿಂದ ಶುರುವಾಗುವ ಪದ ನಿಲುಗಡೆಯ ನಂತರ ಬಂದಾಗ ಮೈಕಿಗೆ ‘ಪಫ್’ ಅಂತ ಗಾಳಿ ಹೊಡೆಯುತ್ತದೆ. ಬಾಯಿಯನ್ನು ಮೈಕಿಗೆ ನೇರ ಹಿಡಿಯದೆ ಸ್ವಲ್ಪ ಓರೆಗೆ ಇಟ್ಟುಕೊಂಡರೆ ಸರಿಹೋಗುತ್ತದೆ.

ಕೊನೆಗೆ ಪರೀಕ್ಷೆ. ಎರಡು ಸಲ ಮಾಡಬೇಕು. ಮೊದಲ ಸಲ, ಸ್ಕ್ರಿಪ್ಟ್ ಬರೆದವರು ಅದನ್ನು ಬೇರೆಯವರ ಕೈಗೆ ಕೊಟ್ಟು, ಮುಂಚೆ ಕಣ್ಣಾಡಿಸಲು ಬಿಡದೆ, ಜೋರಾಗಿ ಓದಿಸಿ, ಇನ್ನೊಂದು ಪ್ರತಿ ಹಿಡಿದು ಪಕ್ಕದಲ್ಲಿ ಕೂರಬೇಕು. ಗೀಟು ಇಲ್ಲದ ಕಡೆ ಓದುವವರು ಉಸಿರು ತೆಗೆದುಕೊಂಡರೆ ಅಲ್ಲಿ ಗೀಟು ಬೇಕು, ಇಲ್ಲವೇ ಸಾಲು ಉದ್ದವಾಗಿದೆ. ತಡವರಿಸಿದರೆ ಅಲ್ಲಿಗೊಂದು ಗುರುತು. ಕಾಗದದಲ್ಲಿ ಇದ್ದದ್ದು ಬಿಟ್ಟು ತಮಗೆ ಗೊತ್ತಿಲ್ಲದೆಯೇ ಬೇರೆ ಪದ ಹೇಳಿದರೆ, ಅಂದರೆ ‘ಗುರುತಿಸಿದ್ರು’ ಅಂತ ಇದ್ದದ್ದನ್ನು ‘ಕಂಡುಹಿಡಿದ್ರು’ ಅಂತ ಓದಿದರೆ, ಅವರನ್ನು ತಿದ್ದಬೇಡಿ. ಅರ್ಥ ಕೆಡದಿದ್ದರೆ ಅವರ ಬಾಯಿಗೆ ಬಂದ ಪದವನ್ನೇ ಬರೆದುಕೊಳ್ಳಿ.

ಎರಡನೆಯ ಸಲ, ರೆಕಾರ್ಡ್ ಮಾಡಿದ ದನಿಯನ್ನು ಚಿತ್ರವಿಲ್ಲದೆ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಕೇಳಿಸಿ. ‘ಅರ್ಥ ಆಯ್ತಾ’ ಅಂತ ಕೇಳಬೇಡಿ, ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ. ‘ಮಸ್ಕಿಯಲ್ಲಿ ಹೊಸದಾಗಿ ಸಿಕ್ಕಿದ್ದು ಏನು?’ ಅಂತ ಕೇಳಿ. ‘ಶಾಸನ’ ಅಂದರೆ ಮುಖ್ಯ ಸಂಗತಿ ತಲುಪಿಲ್ಲ, ಕೊನೆಯ ಎರಡು ಸಾಲುಗಳ ನಿಲುಗಡೆ ಹೆಚ್ಚಿಸಿ. ‘ಅಶೋಕನ ಹೆಸರು’ ಅಂದರೆ ತಲುಪಿದೆ. ಆಮೇಲೆ ‘ಹಾಗಾದರೆ ಬೇರೆ ಎಲ್ಲೂ ಅವನ ಹೆಸರಿಲ್ಲವಾ?’ ಅಂತ ಕೇಳಿ. ‘ಅದನ್ನ ಇದರಲ್ಲಿ ಹೇಳಲಿಲ್ಲ’ ಅನ್ನುವ ಉತ್ತರ ಬರಬೇಕು. ‘ಇಲ್ಲ, ಇಲ್ಲಿ ಮಾತ್ರ’ ಅಂತ ಬಂದರೆ ಸ್ಕ್ರಿಪ್ಟ್ ಹೇಳದೇ ಇರುವುದನ್ನು ಕಿವಿ ಕೇಳಿಸಿಕೊಂಡಿದೆ ಅಂತ ಅರ್ಥ. ಆಗ ಕೊನೆಯಲ್ಲಿ ಒಂದು ಸಾಲು ಸೇರಿಸಿ: ‘ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರಲ್ಲೂ, ಉಡೇಗೋಳದಲ್ಲೂ ಇದೇ ಹೆಸರು ಸಿಕ್ತು.’ ಐದಾರು ಸೆಕೆಂಡು ಹೆಚ್ಚಾಗುತ್ತದೆ. ಅದಕ್ಕೆ ಜಾಗ ಬೇಕಿದ್ದರೆ ಲಿಪಿ, ಭಾಷೆಯ ಸಾಲನ್ನು ಪರದೆಗೆ ಕಳಿಸಿ.